ಅಗ್ರಿಮೆಂಟ್ ಮೇಲೆ ಸೈಟು ಕೈಗೆ ಬಂದಿದೆ, ಹೆಸರಿಗೆ ಬಂದಿಲ್ಲ

ಪ್ರಶ್ನೆ: ಸರ್, 2018ರ ಜನವರಿಯಲ್ಲಿ ದಾವಣಗೆರೆ ಪಕ್ಕ ತೋಳಹುಣಸೆ ಕಡೆ 30×40 ಸೈಟು ತಗೊಂಡೆ. 9 ಲಕ್ಷಕ್ಕೆ ಮಾತಾಗಿ 8 ಲಕ್ಷ ಬ್ಯಾಂಕ್ ಮೂಲಕ ಕೊಟ್ಟಿದ್ದೇನೆ. 200 ರೂಪಾಯಿ ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಆಗಿದೆ, ನೋಟರಿನೂ ಆಗಿದೆ. ಅದರಲ್ಲಿ "ಈ ದಿನವೇ ಸ್ವಾಧೀನ ಕೊಟ್ಟಿರುತ್ತೇನೆ, ಇ-ಸ್ವತ್ತು ಬಂದ ಕೂಡಲೇ ಬಾಕಿ 1 ಲಕ್ಷ ಪಡೆದು ರಿಜಿಸ್ಟರ್ ಮಾಡಿಕೊಡುತ್ತೇನೆ" ಅಂತ ಬರೆದಿದೆ. ಶೀಟಿನ ಮನೆ ಕಟ್ಟಿ ವಾಸ ಇದ್ದೇವೆ. ಕರೆಂಟ್ ಮೀಟರ್ ನನ್ನ ಹೆಸರಲ್ಲೇ ಇದೆ. ಮಾರಿದವರು ಹೋದ ವರ್ಷ ತೀರಿಕೊಂಡರು. ಈಗ ಅವರ ಇಬ್ಬರು ಗಂಡುಮಕ್ಕಳು "ಈಗಿನ ರೇಟ್ ಕೊಡಿ, ಇಲ್ಲಾಂದ್ರೆ ಬೇರೆಯವರಿಗೆ ಮಾರ್ತೀವಿ" ಅಂತ ವಾಟ್ಸಾಪ್‌ನಲ್ಲಿ ಹಾಕಿದ್ದಾರೆ. "12 ವರ್ಷ ಇದ್ದುಬಿಡಿ, ಜಾಗ ನಿಮ್ಮದೇ ಆಗುತ್ತೆ" ಅಂತ ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದಾ?

ಉತ್ತರ:

ಹಾಗೆ ಮಾಡಬೇಡಿ. 12 ವರ್ಷದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಅದನ್ನು ನಂಬಿ ಕೂತರೆ ಈಗ ಕೈಯಲ್ಲಿರುವ ಒಂದೇ ಗಟ್ಟಿ ಹಕ್ಕು ಮೂರು ವರ್ಷದಲ್ಲಿ ಹೋಗಿಬಿಡುತ್ತದೆ.

ಕಾರಣ ಹೇಳುತ್ತೇನೆ. 12 ವರ್ಷ ಇದ್ದರೆ ಜಾಗ ತಮ್ಮದಾಗುತ್ತದೆ ಎಂದು ಜನ ಹೇಳುವುದು ಪ್ರತಿಕೂಲ ಸ್ವಾಧೀನದ ವಿಷಯ. ಮಾಲೀಕನ ಹಕ್ಕನ್ನು ಒಪ್ಪದೆ, ಅವನಿಗೆ ವಿರುದ್ಧವಾಗಿ, ಎಲ್ಲರಿಗೂ ಗೊತ್ತಾಗುವಂತೆ ಜಾಗದಲ್ಲಿ ಕೂತವರಿಗೆ ಮಾತ್ರ ಅದು ಸಿಗಬಹುದು. ನೀವು ಹಾಗೆ ಕೂತವರಲ್ಲ. ಮಾಲೀಕರೇ ಒಪ್ಪಿ ಜಾಗ ಬಿಟ್ಟುಕೊಟ್ಟರು. ಅವರು ಮಾಲೀಕರು, ಅವರಿಂದ ನಾನು ಕೊಳ್ಳಬೇಕು ಎಂದು ನೀವೇ ಅಗ್ರಿಮೆಂಟ್‌ಗೆ ಸಹಿ ಹಾಕಿದ್ದೀರಿ. ಒಪ್ಪಿಗೆಯಿಂದ ಒಳಗೆ ಬಂದವರ ಸ್ವಾಧೀನ ಎಷ್ಟು ವರ್ಷವಾದರೂ ಒಪ್ಪಿಗೆಯ ಸ್ವಾಧೀನವೇ. ಅಗ್ರಿಮೆಂಟ್ ಮೇಲೆ ಬಂದವರಿಗೆ ಪ್ರತಿಕೂಲ ಸ್ವಾಧೀನದ ವಾದ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಅದೂ ಅಲ್ಲದೆ, ಒಂದೇ ಬಾಯಲ್ಲಿ "ನಾನು ಕೊಂಡುಕೊಂಡೆ" ಮತ್ತು "ನಾನು ಆಕ್ರಮಿಸಿಕೊಂಡೆ" ಎಂದು ಎರಡೂ ಹೇಳಿದರೆ ಕೋರ್ಟಿನಲ್ಲಿ ಎರಡೂ ನಿಲ್ಲುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ಬರೋಣ. ಸ್ವತ್ತು ವರ್ಗಾವಣೆ ಕಾಯ್ದೆ 1882ರದ್ದು. ಅದರ 54ನೇ ಕಲಂ ಎರಡು ಮಾತು ಹೇಳುತ್ತದೆ. 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಜಮೀನು, ಸೈಟು, ಮನೆಯ ಮಾರಾಟ ನೋಂದಣಿಯಾದ ಪತ್ರದಿಂದ ಮಾತ್ರ ಆಗುತ್ತದೆ. ಮಾರುತ್ತೇನೆಂಬ ಕರಾರು ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಶುದ್ಧ ಕ್ರಯಪತ್ರ ನೋಂದಣಿ ಆಗುವ ಗಳಿಗೆಯವರೆಗೂ ಸೈಟಿನ ಮಾಲೀಕರು ಮಾರಿದವರೇ. ಅವರು ತೀರಿಕೊಂಡರೆ ವಾರಸುದಾರರು. ನೀವು 9 ಲಕ್ಷದಲ್ಲಿ 8 ಲಕ್ಷ ಕೊಟ್ಟಿದ್ದೀರಿ. ಪೂರ್ತಿ 9 ಕೊಟ್ಟಿದ್ದರೂ ಸ್ಥಿತಿ ಇದೇ ಇರುತ್ತಿತ್ತು. ನಿಮಗೆ ಇರುವುದು ಸೈಟಿನ ಮೇಲಿನ ಮಾಲೀಕತ್ವ ಅಲ್ಲ, "ರಿಜಿಸ್ಟರ್ ಮಾಡಿಕೊಡಿ" ಎಂದು ಕೇಳುವ ಹಕ್ಕು.

ನೋಟರಿ ಸೀಲು ಇದನ್ನು ಬದಲಾಯಿಸುವುದಿಲ್ಲ. ಸಹಿ ಹಾಕಿದವರು ಇವರೇ ಎಂದು ನೋಟರಿ ದೃಢಪಡಿಸುತ್ತಾರೆ, ಅಷ್ಟೇ. ಕರೆಂಟ್ ಮೀಟರ್, ಪಂಚಾಯ್ತಿ ಕಂದಾಯದ ರಸೀದಿ, ಆಧಾರ್ ವಿಳಾಸ, ಇವೆಲ್ಲ ನೀವು ಅಲ್ಲಿ ವಾಸ ಇದ್ದೀರಿ ಎಂಬುದಕ್ಕೆ ಪುರಾವೆ. ಮಾಲೀಕರು ಎಂಬುದಕ್ಕೆ ಅಲ್ಲ. ಅಗ್ರಿಮೆಂಟ್ ಜೊತೆ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಪತ್ರ, ಬರೆಸಿಕೊಂಡಿದ್ದರೂ ದಾರಿ ಬೇರೆ ಆಗುತ್ತಿರಲಿಲ್ಲ. ಅಗ್ರಿಮೆಂಟ್, ಜಿಪಿಎ, ವಿಲ್ ಮೂರನ್ನೂ ಸೇರಿಸಿಟ್ಟರೂ ಮಾರಾಟ ಆಗುವುದಿಲ್ಲ ಎಂದು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆದರೂ ನಮ್ಮ ಊರಿನ ಸುತ್ತ ಇಂಥ ಕಾಗದ ನಂಬಿ ಮನೆ ಕಟ್ಟುವವರು ಕಡಿಮೆಯಾಗಿಲ್ಲ. ಅದು ನನಗೆ ನಿಜಕ್ಕೂ ಬೇಸರದ ವಿಷಯ. ಹೀಗೆ ಕೊಳ್ಳುವವರು ಸಾಮಾನ್ಯವಾಗಿ ಕೂಡಿಟ್ಟ ಹಣವನ್ನೆಲ್ಲ ಅಲ್ಲೇ ಸುರಿದಿರುತ್ತಾರೆ.

"ಸ್ವಾಧೀನ ಇದೆಯಲ್ಲ, ಅದಕ್ಕೆ ಬೆಲೆ ಇಲ್ವಾ?" ಎಂದು ನೀವು ಕೇಳಬಹುದು. ಇದೆ. ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ಬಿಡಿಸಿ ನೋಡಬೇಕು.

ಅದೇ ಕಾಯ್ದೆಯಲ್ಲಿ 53ಎ ಎಂಬ ಕಲಂ ಇದೆ. ಲಿಖಿತ ಕರಾರಿನ ಮೇಲೆ ಸ್ವಾಧೀನ ಪಡೆದು, ತನ್ನ ಪಾಲಿನ ಹಣ ಕೊಟ್ಟು, ಬಾಕಿ ಕೊಡಲೂ ತಯಾರಿರುವವನನ್ನು ಮಾರಿದವನು ಅಥವಾ ಅವನ ವಾರಸುದಾರರು ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ಕೇಳಿದರೆ ನಿಮಗೇ ಬರೆದಂತಿದೆ, ಅಲ್ವಾ? ಆದರೆ ಈ ಕಲಂಗೆ 2001ರಲ್ಲಿ ತಿದ್ದುಪಡಿ ಆಯಿತು. 2001ರ ಸೆಪ್ಟೆಂಬರ್ 24ರ ನಂತರ ಆದ ಅಗ್ರಿಮೆಂಟ್ ನೋಂದಣಿ ಆಗಿರದಿದ್ದರೆ 53ಎ ರಕ್ಷಣೆ ಸಿಗುವುದಿಲ್ಲ. ನಿಮ್ಮದು 2018ರದ್ದು, ನೋಂದಣಿ ಇಲ್ಲ. ಹಾಗಾಗಿ ನಾಳೆ ಮಕ್ಕಳು "ಇದು ನಮ್ಮಪ್ಪನ ಆಸ್ತಿ, ಇವರನ್ನು ಬಿಡಿಸಿಕೊಡಿ" ಎಂದು ದಾವಾ ಹಾಕಿದರೆ, ಬರೀ ಅಗ್ರಿಮೆಂಟ್ ತೋರಿಸಿ "ನಾನು ಏಳುವುದಿಲ್ಲ" ಎಂದರೆ ಸಾಲದು.

ಅಗ್ರಿಮೆಂಟ್ ನೋಂದಣಿ ಮಾಡಿಸಿದವರ ಸ್ಥಿತಿ ಇದಕ್ಕಿಂತ ಮೇಲು, ಆದರೆ ಅವರೂ ಮಾಲೀಕರಲ್ಲ. 53ಎ ಎದುರಿನವರು ಎಬ್ಬಿಸಲು ಬಂದಾಗ ತಡೆಯುತ್ತದೆ. ನೀವೇ ಹೋಗಿ ಮಾಲೀಕತ್ವ ಕೇಳಲು ಅದು ಆಧಾರ ಆಗುವುದಿಲ್ಲ. ಮೂರು ವರ್ಷದ ಅವಧಿ ಮೀರಿದ ಮೇಲೂ ಈ ರಕ್ಷಣೆ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಆದರೆ ಆಗಿನ ಬದುಕು ಯೋಚಿಸಿ. ನಿಮ್ಮನ್ನು ಎಬ್ಬಿಸಲು ಅವರಿಗೆ ಆಗುವುದಿಲ್ಲ, ಮಾರಲು ನಿಮಗೆ ಆಗುವುದಿಲ್ಲ. ಬ್ಯಾಂಕ್ ಸಾಲ ಕೊಡುವುದಿಲ್ಲ, ಖಾತೆ ಬದಲಾಗುವುದಿಲ್ಲ. ಮಕ್ಕಳ ಕಾಲಕ್ಕೆ ಜಗಳ ಮಾತ್ರ ಉಳಿಯುತ್ತದೆ.

ನಿಮಗೆ ಸ್ವಾಧೀನದಿಂದ ನಿಜವಾಗಿ ಸಿಗುವುದು ಎರಡು. ಮೊದಲನೆಯದು, ಕೋರ್ಟಿಗೆ ಹೋಗದೆ ಯಾರೂ ನಿಮ್ಮನ್ನು ಬಲವಂತವಾಗಿ ಹೊರಹಾಕುವಂತಿಲ್ಲ. ಹಾಗೆ ಹಾಕಿದರೆ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಕೆಳಗೆ ದಾವಾ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಅಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ.

ಎರಡನೆಯದು ಇನ್ನೂ ಬೆಲೆಯುಳ್ಳದ್ದು. ನಿಮ್ಮ ಅಗ್ರಿಮೆಂಟ್ ನೋಂದಣಿ ಆಗಿಲ್ಲ, ಆದ್ದರಿಂದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆದರೆ ಅದು ಕಾಣುವುದಿಲ್ಲ. ಹೊಸ ಗಿರಾಕಿ ಇಸಿ ನೋಡಿ "ಯಾವ ತಕರಾರೂ ಇಲ್ಲ" ಎಂದುಕೊಂಡು ರಿಜಿಸ್ಟರ್ ಮಾಡಿಸಿಕೊಳ್ಳಬಹುದು. ಮಕ್ಕಳು ಬೆದರಿಸುತ್ತಿರುವುದು ಈ ಧೈರ್ಯದ ಮೇಲೆಯೇ. ಹಣ ಕೊಟ್ಟು, ನಿಮ್ಮ ಕರಾರಿನ ವಿಷಯ ಗೊತ್ತಿಲ್ಲದೆ, ಒಳ್ಳೆಯ ಮನಸ್ಸಿನಿಂದ ಕೊಂಡವನ ವಿರುದ್ಧ ನಿಮ್ಮ ಕರಾರು ಜಾರಿ ಆಗುವುದಿಲ್ಲ. ಆದರೆ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ವಿವರಣೆ ಇದೆ. ಜಾಗದಲ್ಲಿ ಯಾರು ನಿಜವಾಗಿ ವಾಸ ಇದ್ದಾರೋ ಅವರಿಗೆ ಏನು ಹಕ್ಕಿದೆ ಎಂಬುದು ಕೊಳ್ಳುವವನಿಗೆ ಗೊತ್ತಿತ್ತು ಎಂದೇ ಕಾನೂನು ಭಾವಿಸುತ್ತದೆ. ನೀವು ಮನೆ ಕಟ್ಟಿದ್ದೀರಿ, ಮೀಟರ್ ಹಾಕಿಸಿದ್ದೀರಿ, ಸಂಸಾರ ಮಾಡುತ್ತಿದ್ದೀರಿ. ಅದನ್ನು ನೋಡಿಯೂ ಕೊಂಡವನು "ನನಗೆ ಗೊತ್ತಿರಲಿಲ್ಲ" ಎಂದರೆ ನಡೆಯುವುದು ಕಷ್ಟ. ಆದ್ದರಿಂದ ಮನೆಗೆ ಬೀಗ ಹಾಕಿ ಊರು ಬಿಡಬೇಡಿ, ಬಾಡಿಗೆಗೆ ಕೊಟ್ಟು ಮರೆಯಬೇಡಿ. ಈಗಿನ ಹೊತ್ತಿನಲ್ಲಿ ನೀವು ಅಲ್ಲಿ ವಾಸ ಇರುವುದೇ ನಿಮ್ಮ ಕರಾರನ್ನು ಕಾಯುತ್ತಿದೆ.

ಆದರೂ ಈ ಎರಡೂ ನಿಮ್ಮನ್ನು ಮಾಲೀಕರನ್ನಾಗಿ ಮಾಡುವುದಿಲ್ಲ. ಮಾಲೀಕರಾಗಲು ಇರುವುದು ಎರಡೇ ದಾರಿ. ವಾರಸುದಾರರು ಒಪ್ಪಿ ರಿಜಿಸ್ಟರ್ ಮಾಡಿಕೊಡಬೇಕು. ಇಲ್ಲವೇ ಕರಾರು ಜಾರಿ ಮಾಡಿಸಲು ನೀವು ಸಿವಿಲ್ ದಾವಾ ಹೂಡಿ, ಕೋರ್ಟಿನ ಡಿಕ್ರಿ ಮೂಲಕ ರಿಜಿಸ್ಟರ್ ಮಾಡಿಸಿಕೊಳ್ಳಬೇಕು. ತಂದೆ ಮಾಡಿದ ಕರಾರು ಅವರ ನಂತರ ಆ ಆಸ್ತಿ ಪಡೆದ ಮಕ್ಕಳ ಮೇಲೂ ಜಾರಿ ಆಗುತ್ತದೆ. ನೋಂದಣಿ ಆಗದ ಅಗ್ರಿಮೆಂಟನ್ನು ಇಂಥ ದಾವೆಯಲ್ಲಿ ಪುರಾವೆಯಾಗಿ ಬಳಸಲು ನೋಂದಣಿ ಕಾಯ್ದೆಯ 49ನೇ ಕಲಂ ಅವಕಾಶ ಕೊಡುತ್ತದೆ. 53ಎ ಬಾಗಿಲು ಮುಚ್ಚಿದರೂ ಈ ಬಾಗಿಲು ತೆರೆದೇ ಇದೆ.

ಇಲ್ಲಿ ಮೂರು ವರ್ಷದ ಲೆಕ್ಕ ಬರುತ್ತದೆ. ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದದ ಪ್ರಕಾರ, ರಿಜಿಸ್ಟರ್ ಮಾಡಿಕೊಡಲು ಅಗ್ರಿಮೆಂಟಿನಲ್ಲಿ ತಾರೀಖು ಗೊತ್ತುಮಾಡಿದ್ದರೆ ಆ ತಾರೀಖಿನಿಂದ ಮೂರು ವರ್ಷ. ತಾರೀಖು ಇಲ್ಲದಿದ್ದರೆ, ಅವರು ಮಾಡಿಕೊಡುವುದಿಲ್ಲ ಎಂದದ್ದು ನಿಮಗೆ ಗೊತ್ತಾದ ದಿನದಿಂದ ಮೂರು ವರ್ಷ. ನಿಮ್ಮ ಕಾಗದದಲ್ಲಿ "11 ತಿಂಗಳೊಳಗೆ" ಎಂದು ಬರೆದಿದ್ದರೆ 2018ರ ಡಿಸೆಂಬರ್‌ನಲ್ಲಿ ಆ 11 ತಿಂಗಳು ಮುಗಿದು, ಮೂರು ವರ್ಷ 2021ರಲ್ಲೇ ಕಳೆದುಹೋಗುತ್ತಿತ್ತು. ನಾನು ನಿಮಗೆ ಬೇರೆ ಉತ್ತರ ಬರೆಯಬೇಕಾಗುತ್ತಿತ್ತು. ಅದೃಷ್ಟಕ್ಕೆ "ಇ-ಸ್ವತ್ತು ಬಂದ ಕೂಡಲೇ" ಎಂದಿದೆ. ಗೊತ್ತುಮಾಡಿದ ತಾರೀಖು ಎಂದರೆ ಕ್ಯಾಲೆಂಡರಿನಲ್ಲಿ ತೋರಿಸಬಹುದಾದ ಒಂದು ದಿನವೇ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಅವಧಿ ಶುರುವಾಗುವುದು ನಿರಾಕರಣೆ ಗೊತ್ತಾದ ದಿನದಿಂದ, ಅಂದರೆ ಆ ವಾಟ್ಸಾಪ್ ಸಂದೇಶ ಬಂದ ದಿನದಿಂದ.

ಆದರೆ ಒಂದನ್ನು ನೀವೇ ನೆನಪು ಮಾಡಿಕೊಳ್ಳಬೇಕು. ತಂದೆ ಬದುಕಿದ್ದಾಗ ಎಂದಾದರೂ "ಮಾಡಿಕೊಡಲ್ಲ" ಎಂದಿದ್ದರಾ? ನೀವು ನೋಟಿಸ್ ಕಳಿಸಿ ಅವರು ಇಲ್ಲ ಎಂದು ಉತ್ತರ ಕೊಟ್ಟಿದ್ದರಾ? ಪಂಚಾಯ್ತಿಯಲ್ಲಿ ಹಿರಿಯರ ಮುಂದೆ ಮಾತಾಗಿತ್ತಾ? ಎದುರು ಪಕ್ಷದ ವಕೀಲರು ಹುಡುಕುವುದು ಇದನ್ನೇ. 2019ರಲ್ಲೋ 2020ರಲ್ಲೋ ಅಂಥ ನಿರಾಕರಣೆ ಇತ್ತು ಎಂದು ತೋರಿಸಿಬಿಟ್ಟರೆ ನಿಮ್ಮ ದಾವಾ ಅಲ್ಲೇ ಬೀಳುತ್ತದೆ. ನಿಮ್ಮ ವಕೀಲರಿಗೆ ಇದನ್ನು ಮುಚ್ಚಿಡದೆ ಹೇಳಿ.

ಮೂರು ವರ್ಷ ಇದೆ ಎಂದು ಎರಡೂವರೆ ವರ್ಷ ಕಾಯುವುದೂ ತಪ್ಪು. ಇಂಥ ದಾವೆಯಲ್ಲಿ ನೀವು ಮೊದಲಿನಿಂದಲೂ ಬಾಕಿ ಹಣ ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳಲು ತಯಾರಿದ್ದಿರಿ, ಈಗಲೂ ಇದ್ದೀರಿ ಎಂದು ಸಾಬೀತು ಮಾಡಬೇಕು. ನಿಮ್ಮ ವಿಷಯದಲ್ಲಿ ಅದು 1 ಲಕ್ಷ ರೂಪಾಯಿ. ಇಂದೇ ಅದನ್ನು ಬ್ಯಾಂಕ್ ಖಾತೆಯಲ್ಲಿ ಇಡಿ, ತೆಗೆಯಬೇಡಿ. ಪಾಸ್‌ಬುಕ್ಕಿನ ಆ ಸಾಲು ನಾಳೆ ಸಾಕ್ಷಿ ಆಗುತ್ತದೆ.

ಇನ್ನು ನಿಮಗೆ ಯಾರೂ ಹೇಳಿರಲಾರದ ಖರ್ಚು. ನಮ್ಮ ರಾಜ್ಯದ ಸ್ಟಾಂಪ್ ಕಾಯ್ದೆಯಲ್ಲಿ, ಸ್ವಾಧೀನ ಕೊಟ್ಟು ಮಾಡಿದ ಅಗ್ರಿಮೆಂಟಿಗೆ ಕ್ರಯಪತ್ರಕ್ಕೆ ಎಷ್ಟೋ ಅಷ್ಟೇ ಸ್ಟಾಂಪ್ ಶುಲ್ಕ ಕಟ್ಟಬೇಕು. ಶೇ. 5ರಂತೆ, ಸೈಟಿನ ಆಗಿನ ಮಾರುಕಟ್ಟೆ ಬೆಲೆ 9 ಲಕ್ಷ ಎಂದೇ ಇಟ್ಟುಕೊಂಡರೆ, ಅದು 45,000 ರೂಪಾಯಿ. ನೀವು ಕಟ್ಟಿರುವುದು 200. ಕೊರತೆ 44,800. "ಈ ದಿನವೇ ಸ್ವಾಧೀನ ಕೊಟ್ಟಿರುತ್ತೇನೆ" ಎಂಬ ಆ ಒಂದು ಸಾಲಿನಿಂದ ಈ ಶುಲ್ಕ ಬಂದಿದೆ. ಕೋರ್ಟಿನಲ್ಲಿ ಈ ಅಗ್ರಿಮೆಂಟನ್ನು ಸಾಕ್ಷ್ಯವಾಗಿ ಹಾಜರುಪಡಿಸಿದ ಕೂಡಲೇ ಎದುರಿನವರು ಸ್ಟಾಂಪ್ ಕಡಿಮೆ ಎಂದು ತಕರಾರು ಎತ್ತುತ್ತಾರೆ. ಆಗ ಕಾಯ್ದೆಯ 34ನೇ ಕಲಂ ಪ್ರಕಾರ ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು. 44,800 ಕೊರತೆ, 4,48,000 ದಂಡ. ಎರಡೂ ಸೇರಿ 4,92,800 ರೂಪಾಯಿ. 9 ಲಕ್ಷದ ಸೈಟಿಗೆ!

ಇದಕ್ಕೆ ಒಂದು ದಾರಿ ಇದೆ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿತು: 34ನೇ ಕಲಂ ಕೆಳಗೆ ಕೋರ್ಟೇ ದಂಡ ಹಾಕಿದರೆ ಹತ್ತು ಪಟ್ಟಿಗಿಂತ ಕಡಿಮೆ ಮಾಡುವ ಅಧಿಕಾರ ಅದಕ್ಕಿಲ್ಲ. ಆದರೆ ಪತ್ರ ಜಿಲ್ಲಾ ನೋಂದಣಾಧಿಕಾರಿಯ ಮುಂದೆ ಹೋದರೆ, 39ನೇ ಕಲಂ ಕೆಳಗೆ ದಂಡ ಎಷ್ಟು ಎಂದು ತೀರ್ಮಾನಿಸುವ ವಿವೇಚನೆ ಅವರಿಗಿದೆ, ಅದು ಹತ್ತು ಪಟ್ಟಿಗಿಂತ ಎಷ್ಟೋ ಕಡಿಮೆಯೂ ಆಗಬಹುದು. ಆದ್ದರಿಂದ ಅಗ್ರಿಮೆಂಟನ್ನು ಸಾಕ್ಷ್ಯವಾಗಿ ಗುರುತಿಸುವ ಮೊದಲೇ, ಅದನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಿಕೊಡಿ ಎಂದು ನಿಮ್ಮ ವಕೀಲರು ಕೋರ್ಟಿಗೆ ಅರ್ಜಿ ಹಾಕಬೇಕು. ಈ ಕ್ರಮ ಹಿಂದೆಮುಂದೆ ಆದರೆ ಲಕ್ಷಗಟ್ಟಲೆ ವ್ಯತ್ಯಾಸ ಬೀಳುತ್ತದೆ. ವಕೀಲರ ಜೊತೆ ಮೊದಲ ಭೇಟಿಯಲ್ಲೇ ಈ ಮಾತು ತೆಗೆಯಿರಿ.

ದಾವೆಗೆ ಮುಂಚೆ ಮಾಡಬೇಕಾದ್ದು ಜಾಸ್ತಿ ಇಲ್ಲ, ಆದರೆ ಬೇಗ ಮಾಡಬೇಕು. ಆ ವಾಟ್ಸಾಪ್ ಸಂದೇಶ ಅಳಿಸಬೇಡಿ, ಆ ಫೋನ್ ಬದಲಾಯಿಸಬೇಡಿ. ಬ್ಯಾಂಕಿನಿಂದ 8 ಲಕ್ಷ ಹೋದ ಸ್ಟೇಟ್‌ಮೆಂಟ್ ಸೀಲು ಹಾಕಿಸಿ ತನ್ನಿ. ಇಸಿ ತೆಗೆಸಿ, ಅವರು ಈಗಾಗಲೇ ಯಾರಿಗಾದರೂ ಬರೆದುಕೊಟ್ಟಿದ್ದಾರಾ ನೋಡಿ. ಪಂಚಾಯ್ತಿಯಲ್ಲಿ ಈ ಸೈಟಿಗೆ ಇ-ಸ್ವತ್ತು, ಅಂದರೆ ನಮೂನೆ 9 ಮತ್ತು 11, ಬಂದಿದೆಯಾ ಕೇಳಿ. ಬಂದಿದ್ದರೆ ಅವರಿಗೆ ನೆಪ ಉಳಿಯುವುದಿಲ್ಲ. ಬಂದಿಲ್ಲದಿದ್ದರೆ ಯಾಕೆ ಬಂದಿಲ್ಲ ಎಂಬುದು ಮುಖ್ಯ. ಜಮೀನು ಭೂಪರಿವರ್ತನೆ ಆಗದೆ ಸೈಟು ಮಾಡಿ ಹಂಚಿದ್ದರೆ, ಡಿಕ್ರಿ ಸಿಕ್ಕರೂ ರಿಜಿಸ್ಟರ್ ಆಫೀಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಜಮೀನು ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ್ದಾಗಿದ್ದರಂತೂ ವಿಷಯವೇ ಬೇರೆ. ಅಲ್ಲಿ ಅಂಥ ಜಮೀನಿನ ಮಾರಾಟವನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಮೂಲ ಸರ್ವೆ ನಂಬರಿನ ಪಹಣಿ ಮತ್ತು ಹಳೆಯ ದಾಖಲೆ ತೆಗೆಸಿ ನೋಡದೆ ದಾವಾ ಹೂಡಬೇಡಿ.

ನಂತರ ಲೀಗಲ್ ನೋಟಿಸ್. ಇಬ್ಬರು ಗಂಡುಮಕ್ಕಳಿಗೆ ಮಾತ್ರ ಕಳಿಸಿದರೆ ಸಾಲದು. ತೀರಿಕೊಂಡವರ ಹೆಂಡತಿ, ಹೆಣ್ಣುಮಕ್ಕಳು ಇದ್ದರೆ ಅವರೂ ವಾರಸುದಾರರೇ. ಅವರನ್ನು ಬಿಟ್ಟರೆ ಮುಂದೆ ಡಿಕ್ರಿ ಅರ್ಧಂಬರ್ಧ ಆಗುತ್ತದೆ. ಸೈಟು ತಂದೆಯ ಸ್ವಂತ ದುಡಿಮೆಯದ್ದೋ ಪಿತ್ರಾರ್ಜಿತವೋ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಪಿತ್ರಾರ್ಜಿತವಾಗಿದ್ದರೆ "ನಮ್ಮ ಪಾಲನ್ನು ಅಪ್ಪ ಮಾರುವಂತಿರಲಿಲ್ಲ" ಎಂಬ ವಾದ ಬರುವುದು ಖಂಡಿತ.

ದಾವಾ ಹೂಡುವಾಗ ಎರಡು ಕೋರಿಕೆ ಮರೆಯಬೇಡಿ. ಸೈಟನ್ನು ಬೇರೆಯವರಿಗೆ ಮಾರದಂತೆ, ನಿಮ್ಮ ಸ್ವಾಧೀನಕ್ಕೆ ಅಡ್ಡಿ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ದಾವಾ ನಡೆಯುತ್ತಿರುವಾಗ ಅವರು ಮಾರಿದರೂ, ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ಕೊಂಡವನು ಕೋರ್ಟಿನ ತೀರ್ಪಿಗೆ ಬದ್ಧ. ಅವನಿಗೆ ದಾವಾ ಗೊತ್ತಿರಲಿ, ಇಲ್ಲದಿರಲಿ. ಎರಡನೆಯದು, ರಿಜಿಸ್ಟರ್ ಮಾಡಿಸಲು ಕೋರ್ಟ್ ಒಪ್ಪದಿದ್ದರೆ ಕೊಟ್ಟ 8 ಲಕ್ಷವನ್ನು ಬಡ್ಡಿ ಸಮೇತ ವಾಪಸ್ ಕೊಡಿಸಿ ಎಂದು ಅದೇ ದಾವೆಯಲ್ಲಿ ಬರೆದಿರಬೇಕು. ಬರೆಯದೆ ಇದ್ದರೆ ಕೋರ್ಟ್ ತಾನಾಗಿ ಕೊಡಿಸುವುದಿಲ್ಲ. ಮುಂಗಡವಾಗಿ ಕೊಟ್ಟ ಹಣಕ್ಕೆ ಆ ಸ್ವತ್ತಿನ ಮೇಲೆಯೇ ಹೊಣೆ ಹೊರಿಸುವ ಹಕ್ಕು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿದೆ. ಅದನ್ನೂ ಸೇರಿಸಿ ಕೇಳಲು ಹೇಳಿ.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲು ರಾಜಿ ಪ್ರಯತ್ನ ಮಾಡಿ ಎಂದೇ ನಾನು ಹೇಳುತ್ತೇನೆ. ಕಾನೂನಿನ ಪ್ರಕಾರ ಅವರು ಕೇಳುವ ಇಂದಿನ ರೇಟ್ ನೀವು ಕೊಡಬೇಕಿಲ್ಲ, ಬಾಕಿ 1 ಲಕ್ಷ ಸಾಕು. ಆದರೆ ಸ್ಟಾಂಪ್ ದಂಡ, ವಕೀಲರ ಶುಲ್ಕ, ವರ್ಷಗಟ್ಟಲೆ ಕೋರ್ಟಿನ ಓಡಾಟ ಎಲ್ಲ ಲೆಕ್ಕ ಹಾಕಿ. 1 ಲಕ್ಷದ ಜೊತೆ ಇನ್ನೊಂದೆರಡು ಲಕ್ಷಕ್ಕೆ ಅವರು ಒಪ್ಪಿದರೆ ನಿಮಗೆ ನಷ್ಟವಿಲ್ಲ. ನೋಟಿಸ್ ತಲುಪಿದ ಮೇಲೆ ಮಾತಿಗೆ ಕೂತರೆ ಅವರೂ ಇಳಿಯುತ್ತಾರೆ. ನೀವು ದಾವಾ ಹೂಡಿದರೆ ಸೈಟು ಕೊಳ್ಳಲು ಯಾರೂ ಮುಂದೆ ಬರುವುದಿಲ್ಲ ಎಂದು ಅವರ ವಕೀಲರೂ ಅವರಿಗೆ ಹೇಳುತ್ತಾರೆ.

ರಾಜಿ ಆದರೆ ಮತ್ತೊಂದು ಅಗ್ರಿಮೆಂಟ್ ಬರೆಸಿಕೊಂಡು ಬರಬೇಡಿ. "ಈಗ ಅರ್ಧ ಕೊಡಿ, ರಿಜಿಸ್ಟರ್ ಆಮೇಲೆ" ಎಂದರೆ ಒಪ್ಪಬೇಡಿ. ಮೊದಲು ಖಾತೆ ವಾರಸುದಾರರ ಹೆಸರಿಗೆ ಬರಲಿ. ಆಮೇಲೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ, ಹೆಬ್ಬೆಟ್ಟು ಹಾಕಲಿ. ಕ್ರಯಪತ್ರದಲ್ಲಿ ಚೆಕ್ಕುಬಂದಿ ಸರಿಯಾಗಿ ಬರೆಸಿ. 2018ರಲ್ಲಿ ಅವರ ತಂದೆ ಪಡೆದ 8 ಲಕ್ಷದ ವಿವರವನ್ನೂ ತಾರೀಖು ಸಮೇತ ಅದರಲ್ಲೇ ನಮೂದಿಸಿ. ಬಾಕಿ ಹಣವನ್ನು ಡಿಡಿ ಮಾಡಿಸಿಟ್ಟುಕೊಂಡು, ನೋಂದಣಿ ಮುಗಿದ ಮೇಲೆ ಅಲ್ಲೇ ಅವರ ಕೈಗೆ ಕೊಡಿ.